ಸಿ ಲ್ಯಾಬ್ ಪರೀಕ್ಷೆಗೆ ತಯಾರಿ: ಹಳೆಯ ಪ್ರಶ್ನೆ, ಬಿಳಿ ಹಾಳೆ ಮತ್ತು ಕೈಯಲ್ಲಿ ಹಾಕಿದ ಟ್ರೇಸ್

ಲ್ಯಾಬ್ ಪರೀಕ್ಷೆಯ ದಿನ ಒಬ್ಬ ವಿದ್ಯಾರ್ಥಿನಿಗೆ ಚೀಟಿಯಲ್ಲಿ ಬಬಲ್ ಸಾರ್ಟ್ ಬಂತು. ಸುಲಭದ ಪ್ರಶ್ನೆ ಎಂದು ಖುಷಿಯಾಗಿಯೇ ಕೂತಳು. ಹಾಳೆಯಲ್ಲಿ ಬರೆದಳು, ಟೈಪ್ ಮಾಡಿದಳು, ಒಂದೇ ಏಟಿಗೆ ಕಂಪೈಲ್ ಆಯಿತು. `5 1 4 2` ಕೊಟ್ಟಳು. ಪರದೆಯ ಮೇಲೆ `1 0 2 4` ಬಂತು. ಐದು ಎಲ್ಲೋ ಮಾಯ, ಕೊಡದೇ ಇದ್ದ ಸೊನ್ನೆ ಬಂದು ಕೂತಿದೆ, ಅದೂ ಕ್ರಮದಲ್ಲಿಲ್ಲ. "ಸರ್, ನಿನ್ನೆ ರಾತ್ರಿ ಹಾಸ್ಟೆಲ್‌ನಲ್ಲಿ ಇದೇ ಪ್ರೋಗ್ರಾಂ ಸರಿಯಾಗಿ ಬಂದಿತ್ತು" ಅಂದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಪ್ರೋಗ್ರಾಂ ನಿನ್ನೆಯೂ ತಪ್ಪೇ ಆಗಿತ್ತು, ಔಟ್‌ಪುಟ್ ಮಾತ್ರ ಸರಿ ಬಂದಿತ್ತು. ತಪ್ಪು ಎಲ್ಲಿದೆ ಎಂದು ಹುಡುಕುವುದರಲ್ಲೇ ಅವಳ ಮುಕ್ಕಾಲು ಗಂಟೆ ಹೋಯಿತು.

ಆ ತಪ್ಪು ಯಾವುದು, ಅದು ಹಾಸ್ಟೆಲ್‌ನಲ್ಲಿ ಯಾಕೆ ಕಾಣಲಿಲ್ಲ ಎಂಬುದನ್ನು ಮುಂದೆ ಸಾಲು ಸಾಲಾಗಿ ನೋಡೋಣ. ಇಡೀ ಲೇಖನ ಅದೇ ಒಂದು ಅಭ್ಯಾಸದ ಸುತ್ತ ಇದೆ: ಹಳೆಯ ಪ್ರಶ್ನೆಯನ್ನು ತೆಗೆದುಕೊಂಡು ಹಾಳೆಯ ಮೇಲೆ ಪ್ರೋಗ್ರಾಂ ಬರೆಯುವುದು, ಕಂಪ್ಯೂಟರ್ ಮುಟ್ಟುವ ಮೊದಲೇ ಕೈಯಲ್ಲಿ ಟ್ರೇಸ್ ಮಾಡಿ, ಅಂದರೆ ಒಂದೊಂದು ಸಾಲು ನಡೆದಾಗ ವೇರಿಯಬಲ್‌ಗಳ ಬೆಲೆ ಏನಾಗುತ್ತದೆ ಎಂದು ಬರೆಯುತ್ತಾ ಹೋಗಿ, ಔಟ್‌ಪುಟ್ ಬರೆದಿಡುವುದು, ಆಮೇಲೆ ರನ್ ಮಾಡಿ ಹೋಲಿಸುವುದು. ಉದಾಹರಣೆಗಳನ್ನು ವಿಟಿಯು ಮೊದಲ ವರ್ಷದ ಸಿ ಲ್ಯಾಬ್‌ನಿಂದ ತೆಗೆದುಕೊಂಡಿದ್ದೇನೆ. ಬಿಸಿಎ, ಡಿಪ್ಲೊಮಾ, ಪಿಯುಸಿ ಕಂಪ್ಯೂಟರ್ ಸೈನ್ಸ್‌ನವರಿಗೂ ದಾರಿ ಇದೇ.

ಮೊದಲು ಪ್ರಶ್ನೆಗಳನ್ನು ಒಟ್ಟುಮಾಡಿ

ವಿಟಿಯು ಲ್ಯಾಬ್ ಪರೀಕ್ಷೆಯಲ್ಲಿ ಪರೀಕ್ಷಕರು ಸಿದ್ಧಮಾಡಿಟ್ಟ ಪ್ರಶ್ನೆಗಳಿಂದ ನೀವು ಒಂದನ್ನು ಎತ್ತಬೇಕು. ಸಾಮಾನ್ಯ ಲೆಕ್ಕದಲ್ಲಿ ನೂರಕ್ಕೆ 20 ಅಂಕ ಹಾಳೆಯ ಮೇಲೆ ಬರೆಯುವುದಕ್ಕೆ, 60 ಅಂಕ ನಡೆಸಿ ಔಟ್‌ಪುಟ್ ತೋರಿಸುವುದಕ್ಕೆ, 20 ಅಂಕ ವೈವಾಕ್ಕೆ. ಪ್ರಶ್ನೆ ಬದಲಾಯಿಸಿಕೊಳ್ಳಲು ಒಂದೇ ಅವಕಾಶ, ಅದಕ್ಕೂ ಬರಹದ ಭಾಗದ ಅಂಕ ಬಿಟ್ಟುಕೊಡಬೇಕು. ನಿಮ್ಮ ಸ್ಕೀಮ್‌ನ ಲೆಕ್ಕ ಸಿಲಬಸ್ ಪ್ರತಿಯಲ್ಲೇ ಅಚ್ಚಾಗಿರುತ್ತದೆ, ಒಮ್ಮೆ ಓದಿಕೊಳ್ಳಿ. ಈ ಹಂಚಿಕೆಯನ್ನು ಗಮನಿಸಿದರೆ ಒಂದು ವಿಷಯ ಗೊತ್ತಾಗುತ್ತದೆ. ಬರಹವೂ ವೈವಾವೂ ಸೇರಿ 40 ಅಂಕ ಕಂಪ್ಯೂಟರ್ ಇಲ್ಲದೆಯೇ ಗಳಿಸಬೇಕಾದದ್ದು.

ಮ್ಯಾನ್ಯುಯಲ್‌ನಲ್ಲಿರುವುದು ಹೆಚ್ಚೆಂದರೆ ಹನ್ನೆರಡು ಹದಿಮೂರು ಪ್ರೋಗ್ರಾಂ. ಅದರ ಪಕ್ಕದಲ್ಲಿ ಹಿಂದಿನ ಬ್ಯಾಚಿನವರನ್ನು ಕೇಳಿ, ಅದೇ ಪ್ರೋಗ್ರಾಂ ಯಾವ ಯಾವ ರೂಪದಲ್ಲಿ ಬಂದಿತ್ತು ಎಂದು ಬರೆದುಕೊಳ್ಳಿ. ಬಬಲ್ ಸಾರ್ಟ್ ಎದುರಿಗೆ "ಇಳಿಕೆ ಕ್ರಮದಲ್ಲಿ", "ಎರಡನೇ ಪಾಸ್ ಆದ ಮೇಲೆ ಅರೇ ಹೇಗಿರುತ್ತದೆ", "ಎಷ್ಟು ಸ್ವಾಪ್ ಆಯಿತು ಎಂದು ಪ್ರಿಂಟ್ ಮಾಡಿ" ಎಂದು ಮೂರು ಸಾಲು ಬಂದರೆ ನಿಮ್ಮ ಕೈಯಲ್ಲಿ ಒಂದಲ್ಲ, ನಾಲ್ಕು ಪ್ರಶ್ನೆ ಇದ್ದ ಹಾಗೆ. ಬಾಯಿಪಾಠ ಮಾಡಿದವರು ಎಡವುವುದು ಈ ಸಣ್ಣ ಬದಲಾವಣೆಗಳಲ್ಲೇ. ಪ್ರೋಗ್ರಾಂ ಪೂರ್ತಿ ಬರುತ್ತದೆ, ಆದರೆ ಇಳಿಕೆ ಕ್ರಮಕ್ಕೆ ಯಾವ ಚಿಹ್ನೆ ತಿರುಗಿಸಬೇಕು ಎಂಬುದು ಹೊಳೆಯುವುದಿಲ್ಲ.

ಹಾಗೆ ಸೇರಿಸಿದ್ದರಲ್ಲಿ ಕೆಲವು ಪ್ರಶ್ನೆಗಳನ್ನು ಪಕ್ಕಕ್ಕಿಡಬೇಕು. ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ, ವೈವಾ ಪಟ್ಟಿಗಳಲ್ಲಿ ಇಂಥದ್ದು ಸಿಗುತ್ತದೆ:

```c
int i = 5;
printf("%d %d", i++, ++i);
```

ಇದರ ಔಟ್‌ಪುಟ್ ಏನು ಎಂದು ಗಂಟೆಗಟ್ಟಲೆ ವಾದ ಮಾಡುವವರನ್ನು ನೋಡಿದ್ದೇನೆ. ಸಿ ಭಾಷೆಯ ನಿಯಮದ ಪ್ರಕಾರ ಇದಕ್ಕೆ ಗೊತ್ತಾದ ಉತ್ತರವೇ ಇಲ್ಲ. `printf`ಗೆ ಕೊಟ್ಟ ಎರಡು ಬೆಲೆಗಳಲ್ಲಿ ಯಾವುದನ್ನು ಮೊದಲು ಲೆಕ್ಕ ಹಾಕಬೇಕು ಎಂದು ಭಾಷೆ ಹೇಳುವುದಿಲ್ಲ, ಅದರ ಮೇಲೆ ಎರಡೂ ಕಡೆ `i` ಬದಲಾಗುತ್ತಿದೆ. ಒಂದು ಕಂಪೈಲರ್ ಒಂದು ಕೊಟ್ಟರೆ ಇನ್ನೊಂದು ಬೇರೆ ಕೊಡಬಹುದು. `gcc -Wall` ಹಾಕಿ ಕಂಪೈಲ್ ಮಾಡಿದರೆ ಅದೇ ಎಚ್ಚರಿಕೆ ಕೊಡುತ್ತದೆ. ಇದನ್ನು ಟ್ರೇಸ್ ಮಾಡುತ್ತಾ ಕೂರಬೇಡಿ. ವೈವಾದಲ್ಲಿ ಕೇಳಿದರೆ ಈ ಕಾರಣವನ್ನೇ ಹೇಳಿ.

ಹಾಳೆಯ ಮೇಲೆ ಬರೆಯುವುದು

ಪ್ರಶ್ನೆ ಮಾತ್ರ ಎದುರಿಗಿಟ್ಟುಕೊಳ್ಳಿ. ರೆಕಾರ್ಡ್ ಪುಸ್ತಕ ಬ್ಯಾಗಿನೊಳಗಿರಲಿ. ಪೆನ್ನಿನಲ್ಲಿ ಪೂರ್ತಿ ಪ್ರೋಗ್ರಾಂ ಬರೆಯಿರಿ, `#include <stdio.h>`ನಿಂದ ಕೊನೆಯ ಬ್ರಾಕೆಟ್‌ವರೆಗೆ. ನಡುವೆ ಸಿಕ್ಕಿಹಾಕಿಕೊಂಡರೆ ರೆಕಾರ್ಡ್ ತೆರೆಯುವ ಬದಲು ಆ ಜಾಗದಲ್ಲಿ ಕನ್ನಡದಲ್ಲೇ ಬರೆಯಿರಿ: "ಇಲ್ಲಿ ಪಕ್ಕದ ಎರಡು ಸಂಖ್ಯೆ ಅದಲುಬದಲು ಆಗಬೇಕು". ಮುಂದಿನ ಸಾಲಿಗೆ ಹೋಗಿ. ಮುಗಿದ ಮೇಲೆ ಆ ಕನ್ನಡ ಸಾಲನ್ನು ಸಿ ಮಾಡಲು ಕೂತರೆ ಹತ್ತರಲ್ಲಿ ಎಂಟು ಸಲ ನಿಮಗೇ ಬರುತ್ತದೆ. ಬರದಿದ್ದ ಎರಡಕ್ಕೆ ರೆಕಾರ್ಡ್ ನೋಡಿ, ನೋಡಿದ ಸಾಲಿನ ಕೆಳಗೆ ಗೆರೆ ಎಳೆದಿಡಿ. ಮರುದಿನ ಮತ್ತೆ ಬರೆಯಬೇಕಾದದ್ದು ಗೆರೆ ಎಳೆದ ಭಾಗವನ್ನು, ಇಡೀ ಪ್ರೋಗ್ರಾಂ ಅಲ್ಲ.

ಟ್ರೇಸ್ ಟೇಬಲ್ ಹಾಕುವ ಕ್ರಮ

ಚಿಕ್ಕದರಿಂದ ಶುರುಮಾಡೋಣ. ಸಂಖ್ಯೆಯನ್ನು ತಿರುಗಿಸಿ, ಪ್ಯಾಲಿಂಡ್ರೋಮ್ ಹೌದೋ ಅಲ್ಲವೋ ಹೇಳುವ ಹಳೆಯ ಪ್ರಶ್ನೆ. ಅದರ ತಿರುಳು ಇಷ್ಟು:

```c
t = n;
while (n > 0) {
    r = n % 10;
    rev = rev * 10 + r;
    n = n / 10;
}
```

`rev` ಮೊದಲೇ 0 ಆಗಿದೆ ಎಂದುಕೊಳ್ಳಿ. ಹಾಳೆಯಲ್ಲಿ ಒಂದೊಂದು ವೇರಿಯಬಲ್‌ಗೆ ಒಂದೊಂದು ಕಾಲಂ ಎಳೆಯಿರಿ. ಎಡಗಡೆಯ ಮೊದಲ ಕಾಲಂ ಕಂಡೀಷನ್‌ಗೆ ಮೀಸಲು. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಲೂಪ್ ಎಷ್ಟು ಸಲ ಸುತ್ತಿತು ಎಂಬುದರಲ್ಲಿ ಆಗುವ ತಪ್ಪೆಲ್ಲ ಅಲ್ಲೇ ಸಿಕ್ಕಿಬೀಳುವುದರಿಂದ ಅದನ್ನು ಬಿಡಬೇಡಿ. ಈಗ `n`ಗೆ 121 ಕೊಡುವ ಆಸೆ ಎಲ್ಲರಿಗೂ ಬರುತ್ತದೆ. 120 ಕೊಡಿ.

```
n > 0 ?       r    rev    n
(ಶುರು)        -    0      120
120 > 0 ಹೌದು  0    0      12
12 > 0 ಹೌದು   2    2      1
1 > 0 ಹೌದು    1    21     0
0 > 0 ಇಲ್ಲ    -    21     0
```

ಕೊನೆಯ ಸಾಲನ್ನೂ ಬರೆಯಬೇಕು, ಅಂದರೆ ಕಂಡೀಷನ್ ಸುಳ್ಳಾಗಿ ಹೊರಬಂದ ಸಾಲು. ಅದನ್ನು ನೋಡಿದರೆ ಎರಡು ವಿಷಯ ಕೈಗೆ ಸಿಗುತ್ತವೆ. ಒಂದು, 120 ತಿರುಗಿಸಿದರೆ ಪರದೆಯ ಮೇಲೆ `021` ಬರುವುದಿಲ್ಲ, `21` ಬರುತ್ತದೆ, ಯಾಕೆಂದರೆ `rev` ಒಂದು ಸಂಖ್ಯೆ, ಅಕ್ಷರಗಳ ಸಾಲಲ್ಲ. ಎರಡು, ಲೂಪ್ ಮುಗಿದಾಗ `n` ಸೊನ್ನೆಯಾಗಿದೆ. `t` ಯಾಕೆ ಬೇಕು ಎಂದು ವೈವಾದಲ್ಲಿ ಕೇಳಿದರೆ ಉತ್ತರ ಆ ಕೊನೆಯ ಸಾಲಿನಲ್ಲೇ ಇದೆ. ಕೊನೆಗೆ `n == rev` ಎಂದು ಹೋಲಿಸಿದ್ದರೆ ನೀವು ಹೋಲಿಸುತ್ತಿರುವುದು 0 ಮತ್ತು 21. 121 ಕೊಟ್ಟರೂ "ಪ್ಯಾಲಿಂಡ್ರೋಮ್ ಅಲ್ಲ" ಎಂದೇ ಬರುತ್ತಿತ್ತು.

ಟೇಬಲ್ ತುಂಬುವಾಗ ಒಂದು ಶಿಸ್ತು ಬೇಕು. ಪ್ರೋಗ್ರಾಂ ಏನು ಮಾಡಬೇಕು ಎಂದು ನಿಮಗೆ ಗೊತ್ತಿರುತ್ತದೆ, ಹಾಗಾಗಿ ಮನಸ್ಸು ಎರಡು ಸಾಲು ಮುಂದೆ ಓಡಿ ಸರಿಯಾದ ಉತ್ತರವನ್ನೇ ಬರೆಸಿಬಿಡುತ್ತದೆ. ಅದನ್ನು ತಡೆಯಲು ನಾನು ವಿದ್ಯಾರ್ಥಿಗಳಿಗೆ ಎಡಗೈ ಬೆರಳನ್ನು ಕೋಡ್‌ನ ಸಾಲಿನ ಮೇಲೆ ಇಡಿಸುತ್ತೇನೆ. ಬೆರಳಿರುವ ಸಾಲು ಏನು ಹೇಳುತ್ತದೋ ಅಷ್ಟನ್ನೇ ಬಲಗೈ ಬರೆಯಬೇಕು. ಸಾಲು ಮುಗಿದ ಮೇಲೆ ಬೆರಳು ಕೆಳಗೆ. ಲೂಪಿನ ಕೊನೆಗೆ ಬಂದಾಗ ಬೆರಳು ಮತ್ತೆ ಕಂಡೀಷನ್ ಸಾಲಿಗೆ ಹತ್ತಬೇಕು, ಅಲ್ಲಿ ನಿಂತು ಹೌದೋ ಇಲ್ಲವೋ ಎಂದು ಬರೆದೇ ಒಳಗೆ ಇಳಿಯಬೇಕು. ಶುರುವಿನಲ್ಲಿ ಬೇಸರ ಬರುವಷ್ಟು ನಿಧಾನ, ಮೂರನೇ ಪ್ರೋಗ್ರಾಂ ಹೊತ್ತಿಗೆ ಕೈಗೆ ಹತ್ತುತ್ತದೆ.

ಬಬಲ್ ಸಾರ್ಟ್: ಸರಿಯಾದದ್ದು, ಆಮೇಲೆ ಅವಳದ್ದು

ಸರಿಯಾದ ಪ್ರೋಗ್ರಾಂನ ತಿರುಳು ಇದು:

```c
for (i = 0; i < n - 1; i++)
    for (j = 0; j < n - 1 - i; j++)
        if (a[j] > a[j + 1]) {
            t = a[j];
            a[j] = a[j + 1];
            a[j + 1] = t;
        }
```

`n` 4, ಅರೇಯಲ್ಲಿ 5 1 4 2. ಎರಡು ಲೂಪ್ ಇರುವಾಗ ಎಲ್ಲ ವೇರಿಯಬಲ್‌ಗೂ ಕಾಲಂ ಹಾಕುವ ಅಗತ್ಯವಿಲ್ಲ. `i`, `j`, ಹೋಲಿಕೆ, ಹೋಲಿಕೆಯಾದ ಮೇಲಿನ ಅರೇ, ಇಷ್ಟು ಸಾಕು.

```
i  j  ಹೋಲಿಕೆ       ಅರೇ
0  0  5 > 1 ಹೌದು   1 5 4 2
0  1  5 > 4 ಹೌದು   1 4 5 2
0  2  5 > 2 ಹೌದು   1 4 2 5
1  0  1 > 4 ಇಲ್ಲ   1 4 2 5
1  1  4 > 2 ಹೌದು   1 2 4 5
2  0  1 > 2 ಇಲ್ಲ   1 2 4 5
```

ಆರು ಹೋಲಿಕೆ, ನಾಲ್ಕು ಸ್ವಾಪ್. ಮೊದಲ ಪಾಸ್‌ನಲ್ಲಿ 5 ಒಂದೊಂದೇ ಮನೆ ದಾಟಿ ಕೊನೆಗೆ ಹೋದದ್ದು ಕಣ್ಣಿಗೆ ಕಾಣುತ್ತದೆ. ಕೊನೆಗೆ ಹೋದ ಸಂಖ್ಯೆಯನ್ನು ಮತ್ತೆ ಮುಟ್ಟುವ ಅಗತ್ಯವಿಲ್ಲ, ಅದಕ್ಕೇ ಒಳಗಿನ ಲೂಪಿನಲ್ಲಿ `- i`. ಅದರ ಜೊತೆ `- 1` ಯಾಕೆ? `a[j + 1]` ಎಂದು ನಾವು ಪಕ್ಕದ ಮನೆಯನ್ನು ನೋಡುತ್ತಿದ್ದೇವೆ, ಕೊನೆಯ ಮನೆಗೆ ಪಕ್ಕದ ಮನೆ ಇಲ್ಲ.

ಆ ವಿದ್ಯಾರ್ಥಿನಿ ಬರೆದದ್ದು `j < n - i`. ಆ `- 1` ಒಂದೇ ಬಿಟ್ಟುಹೋಗಿತ್ತು. ಈಗ ಅವಳ ಪ್ರೋಗ್ರಾಂ ಮೇಲೆ ಬೆರಳಿಟ್ಟು ನಡೆಯೋಣ. `i` 0 ಇದ್ದಾಗ `j` 0, 1, 2 ಆದ ಮೇಲೆ 3ಕ್ಕೂ ಒಳಗೆ ಹೋಗುತ್ತದೆ, ಯಾಕೆಂದರೆ 3 < 4 ಹೌದು. ಆಗ ಹೋಲಿಸಬೇಕಾದದ್ದು `a[3]` ಮತ್ತು `a[4]`. ಟೇಬಲ್‌ನಲ್ಲಿ ಇದನ್ನು ಬರೆಯಲು ಹೋದವರ ಪೆನ್ನು ಇಲ್ಲಿ ನಿಂತೇ ನಿಲ್ಲುತ್ತದೆ. ನಾವು ನಾಲ್ಕು ಸಂಖ್ಯೆ ಓದಿಸಿದ್ದು `a[0]`ನಿಂದ `a[3]`ರವರೆಗೆ. `a[4]`ನಲ್ಲಿ ಏನಿದೆ? ಗೊತ್ತಿಲ್ಲ. ಗೊತ್ತಿಲ್ಲದ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಬೇಕಾಗಿ ಬಂತೆಂದರೆ ತಪ್ಪು ಸಿಕ್ಕಿತು.

ಕಂಪ್ಯೂಟರ್ ಮಾತ್ರ ಅಲ್ಲಿ ನಿಲ್ಲುವುದಿಲ್ಲ. ಅರೇಯನ್ನು `int a[20]` ಎಂದು ಘೋಷಿಸಿದ್ದರಿಂದ `a[4]` ಎಂಬ ಜಾಗ ಇದೆ, ಒಳಗೆ ಹಿಂದಿನ ಯಾವುದೋ ಕೆಲಸದ ಉಳಿಕೆ ಬೆಲೆ ಇದೆ. ದೂರು ಹೇಳಲು ಅದಕ್ಕೆ ಕಾರಣವೇ ಇಲ್ಲ. ಲ್ಯಾಬ್‌ನ ಯಂತ್ರದಲ್ಲಿ ಅಲ್ಲಿ 0 ಇತ್ತು:

```
i  j  ಹೋಲಿಕೆ       ಅರೇ        a[4]
0  2  5 > 2 ಹೌದು   1 4 2 5    0
0  3  5 > 0 ಹೌದು   1 4 2 0    5
1  0  1 > 4 ಇಲ್ಲ   1 4 2 0    5
1  1  4 > 2 ಹೌದು   1 2 4 0    5
1  2  4 > 0 ಹೌದು   1 2 0 4    5
2  0  1 > 2 ಇಲ್ಲ   1 2 0 4    5
2  1  2 > 0 ಹೌದು   1 0 2 4    5
```

ಪರದೆಯ ಮೇಲೆ ಬಂದ `1 0 2 4` ಇದೇ. ಐದು ಮಾಯವಾಗಿರಲಿಲ್ಲ, ನಾವು ಪ್ರಿಂಟ್ ಮಾಡದ `a[4]`ಗೆ ಹೋಗಿ ಕೂತಿತ್ತು. ಸೊನ್ನೆ ಒಂದೊಂದು ಪಾಸ್‌ಗೆ ಒಂದೊಂದು ಮನೆ ಎಡಕ್ಕೆ ಬಂತು, ಆದರೆ ನಾಲ್ಕು ಸಂಖ್ಯೆಗೆ ಲೆಕ್ಕ ಹಾಕಿದ ಮೂರು ಪಾಸ್‌ಗಳು ಅದಕ್ಕೆ ಸಾಲಲಿಲ್ಲ. ಅದಕ್ಕೇ ಕ್ರಮವೂ ಕೆಟ್ಟಿತು.

ಇನ್ನು ಹಾಸ್ಟೆಲ್‌ನಲ್ಲಿ ಯಾಕೆ ಸರಿ ಬಂತು? ಅವಳ ಲ್ಯಾಪ್‌ಟಾಪ್‌ನಲ್ಲಿ `a[4]`ನ ಉಳಿಕೆ ಬೆಲೆ ದೊಡ್ಡ ಸಂಖ್ಯೆಯಾಗಿದ್ದರೆ 5 ಅದಕ್ಕಿಂತ ದೊಡ್ಡದಲ್ಲ, ಸ್ವಾಪ್ ಆಗುವುದಿಲ್ಲ, ಔಟ್‌ಪುಟ್ `1 2 4 5`. ಮೇಲಿನ ಟೇಬಲ್ ನೋಡಿ: `a[4]`ನ್ನು ಮುಟ್ಟುವುದು `i` 0, `j` 3 ಆದಾಗ ಒಂದೇ ಒಂದು ಸಲ. ಆ ಒಂದು ಹೋಲಿಕೆ ನಿಮ್ಮ ಪರವಾಗಿ ಬಿದ್ದರೆ ತಪ್ಪು ಎಂದೂ ಕಾಣುವುದಿಲ್ಲ. ಹತ್ತು ಸಲ ರನ್ ಮಾಡಿ ಹತ್ತೂ ಸಲ ಸರಿ ಬಂದರೂ ಪ್ರೋಗ್ರಾಂ ಸರಿ ಎನ್ನಲಾಗದು. ಕೈಯಲ್ಲಿ ಹಾಕಿದ ಟ್ರೇಸ್ ಮಾತ್ರ ಆ ಖಾಲಿ ಮನೆಯ ಎದುರು ನಿಂತುಬಿಡುತ್ತದೆ.

ಈ ಕಾರಣಕ್ಕೇ ಎರಡು ಹಳೆಯ ಪ್ರಶ್ನೆಗೆ ಎರಡು ಟ್ರೇಸ್ ಹಾಕಿದ ದಿನವನ್ನು, ಹತ್ತು ಪ್ರೋಗ್ರಾಂ ರನ್ ಮಾಡಿದ ದಿನಕ್ಕಿಂತ ಹೆಚ್ಚು ಓದಿದ ದಿನ ಎಂದು ನಾನು ಎಣಿಸುತ್ತೇನೆ. ದಿನಕ್ಕೆ ಎರಡರಂತೆ ಹನ್ನೆರಡು ಪ್ರೋಗ್ರಾಂಗೆ ಆರು ದಿನ ಸಾಕು. ಮ್ಯಾಟ್ರಿಕ್ಸ್ ಗುಣಾಕಾರಕ್ಕೆ ಮಾತ್ರ ಒಂದು ದಿನ ಪೂರ್ತಿ ಇಡಿ, ಮೂರು ಲೂಪ್ ಒಂದರೊಳಗೊಂದು ಇರುವುದರಿಂದ 2×2 ಮ್ಯಾಟ್ರಿಕ್ಸ್‌ಗೇ ಒಳಗಿನ ಸಾಲು ಎಂಟು ಸಲ ನಡೆಯುತ್ತದೆ.

ಯಾವ ಇನ್‌ಪುಟ್ ಕೊಟ್ಟು ಟ್ರೇಸ್ ಮಾಡಬೇಕು

ಇದಕ್ಕೆ ಒಳ್ಳೆಯ ಪಾಠ ವಿದ್ಯುತ್ ಬಿಲ್‌ನ ಪ್ರಶ್ನೆ. ಮೊದಲ 200 ಯೂನಿಟ್‌ಗೆ ತಲಾ 80 ಪೈಸೆ, ಮುಂದಿನ 100ಕ್ಕೆ 90 ಪೈಸೆ, 300 ದಾಟಿದ ಮೇಲೆ ಯೂನಿಟ್‌ಗೆ 1 ರೂಪಾಯಿ. ಎಲ್ಲರಿಗೂ ಮೀಟರ್ ಶುಲ್ಕ 100 ರೂಪಾಯಿ. ಒಟ್ಟು ಮೊತ್ತ 400ಕ್ಕಿಂತ ಹೆಚ್ಚಾದರೆ ಅದರ ಮೇಲೆ 15% ಹೆಚ್ಚುವರಿ.

ಹೆಚ್ಚಿನವರು 150, 250, 500 ಕೊಟ್ಟು ನೋಡುತ್ತಾರೆ. ಈ ಮೂರೂ ನಡುವಿನ ಸಂಖ್ಯೆಗಳು, `>` ಬದಲು `>=` ಬರೆದಿದ್ದರೂ ಉತ್ತರ ಬದಲಾಗುವುದಿಲ್ಲ. ತಪ್ಪು ಇರುವುದು ಗಡಿಯಲ್ಲಿ. ಹಾಗಾಗಿ ಪ್ರಶ್ನೆಯಲ್ಲಿ ಬಂದ ಪ್ರತಿ ಗಡಿಯ ಸಂಖ್ಯೆ ಮತ್ತು ಅದರ ಮುಂದಿನ ಸಂಖ್ಯೆ ತೆಗೆದುಕೊಳ್ಳಿ. 200 ಯೂನಿಟ್‌ಗೆ 160 ಕೂಡಿಸು 100, ಅಂದರೆ 260. 300ಕ್ಕೆ 160, 90, 100 ಸೇರಿ 350. ಇನ್ನೊಂದು ಗಡಿ ಪ್ರಶ್ನೆಯಲ್ಲಿ ಯೂನಿಟ್ ರೂಪದಲ್ಲಿ ಕಾಣಿಸುವುದಿಲ್ಲ, ನಾವೇ ಹುಡುಕಬೇಕು: ಮೊತ್ತ ಸರಿಯಾಗಿ 400 ಆಗುವುದು ಎಲ್ಲಿ? 300ಕ್ಕೆ 350 ಇದ್ದ ಮೇಲೆ ಇನ್ನೂ 50 ಯೂನಿಟ್, ಅಂದರೆ 350 ಯೂನಿಟ್. ಪ್ರಶ್ನೆ "400ಕ್ಕಿಂತ ಹೆಚ್ಚಾದರೆ" ಎನ್ನುತ್ತದೆ, ಹಾಗಾಗಿ 350 ಯೂನಿಟ್‌ನ ಬಿಲ್ 400 ರೂಪಾಯಿ ಮಾತ್ರ. 351ಕ್ಕೆ 401ರ ಮೇಲೆ 15% ಸೇರಿ 461.15. ನಿಮ್ಮ ಪ್ರೋಗ್ರಾಂ 350ಕ್ಕೆ 460 ತೋರಿಸಿದರೆ `>=` ಬರೆದಿದ್ದೀರಿ ಎಂದೇ ಅರ್ಥ. ಕೊನೆಗೆ 0 ಯೂನಿಟ್ ಕೊಟ್ಟು ನೋಡಿ, 100 ಬರಬೇಕು.

ಈ ಐದು ಉತ್ತರವನ್ನು ರನ್ ಮಾಡುವ ಮೊದಲೇ ಹಾಳೆಯ ಅಂಚಿನಲ್ಲಿ ಬರೆದಿಡಿ. ರನ್ ಮಾಡಿದ ಮೇಲೆ ಬರೆದರೆ ಪರದೆಯಲ್ಲಿ ಕಂಡದ್ದೇ ಸರಿ ಎಂದು ಕಣ್ಣು ಒಪ್ಪಿಕೊಂಡುಬಿಡುತ್ತದೆ.

ಟೇಬಲ್‌ಗೆ ತಪ್ಪಿಸಿಕೊಳ್ಳುವ ಎರಡು ತಪ್ಪು

ಕೈ ಟ್ರೇಸ್‌ಗೂ ಮಿತಿ ಇದೆ. ಹಾಳೆಯಲ್ಲಿ ಬರೆಯದೇ ಇದ್ದದ್ದು ಅದಕ್ಕೆ ಕಾಣುವುದಿಲ್ಲ.

ಒಂದು, ಡೇಟಾ ಟೈಪ್. ಸರಾಸರಿ ಲೆಕ್ಕ ಹಾಕುವ ಪ್ರೋಗ್ರಾಂನಲ್ಲಿ `sum` ಮತ್ತು `n` ಎರಡೂ `int` ಇದ್ದು, `avg = sum / n;` ಎಂದು ಬರೆದಿದ್ದೀರಿ. ಮೊತ್ತ 7, ಸಂಖ್ಯೆಗಳು 2. ಕೈಯಲ್ಲಿ ಮಾಡುವವರು ಶಾಲೆಯ ಲೆಕ್ಕದಂತೆ 3.5 ಬರೆಯುತ್ತಾರೆ. ಪರದೆಯ ಮೇಲೆ `3.000000`. `avg` ಎಂಬುದು `float` ಆಗಿದ್ದರೂ ಭಾಗಾಕಾರ ನಡೆಯುವುದು ಎರಡು ಪೂರ್ಣಾಂಕಗಳ ನಡುವೆ, ದಶಾಂಶ ಅಲ್ಲೇ ಉದುರಿಹೋಗುತ್ತದೆ, ಉಳಿದ 3 ಆಮೇಲೆ `avg`ಗೆ ಹೋಗುತ್ತದೆ. ಟೇಬಲ್‌ನ ಕಾಲಂ ತಲೆಯ ಮೇಲೆ ವೇರಿಯಬಲ್ ಹೆಸರಿನ ಕೆಳಗೆ `int` ಅಥವಾ `float` ಎಂದು ಬರೆಯುವ ರೂಢಿ ಮಾಡಿಕೊಂಡರೆ ಇದು ತಪ್ಪುತ್ತದೆ. ಸರಿಪಡಿಸುವುದು ಸುಲಭ: `avg = (float)sum / n;`.

ಎರಡು, ಕೀಬೋರ್ಡಿನ ಎಂಟರ್. ಕ್ಯಾಲ್ಕುಲೇಟರ್ ಪ್ರೋಗ್ರಾಂನಲ್ಲಿ ಮೊದಲು ಸಂಖ್ಯೆ, ಆಮೇಲೆ ಚಿಹ್ನೆ ಓದಿಸುತ್ತೀರಿ:

```c
scanf("%d", &a);
scanf("%c", &op);
```

10 ಒತ್ತಿ ಎಂಟರ್ ಹೊಡೆದ ತಕ್ಷಣ ಎರಡನೇ `scanf` ನಿಮಗಾಗಿ ಕಾಯದೆ ಮುಂದಕ್ಕೆ ಹೋಗಿಬಿಡುತ್ತದೆ, ಪ್ಲಸ್ ಒತ್ತಲು ಅವಕಾಶವೇ ಸಿಗುವುದಿಲ್ಲ. ಕಾರಣ ಕಾಣಬೇಕಾದರೆ ಟೇಬಲ್‌ನ ಮೇಲೆ ನೀವು ಒತ್ತುವ ಕೀಲಿಗಳನ್ನೂ ಒಂದು ಸಾಲಾಗಿ ಬರೆಯಿರಿ: `1` `0` `\n` `+` `\n`. `%d` ಓದಿಕೊಂಡದ್ದು `1` ಮತ್ತು `0`, ಆ ಎರಡನ್ನು ಹೊಡೆದುಹಾಕಿ. ಸಾಲಿನಲ್ಲಿ ಮುಂದೆ ನಿಂತಿರುವುದು `\n`. `%c`ಗೆ ಅದೂ ಒಂದು ಅಕ್ಷರವೇ, ಹಾಗಾಗಿ `op`ಗೆ ಅದನ್ನೇ ತೆಗೆದುಕೊಂಡಿತು. `%c` ಹಿಂದೆ ಒಂದು ಖಾಲಿ ಜಾಗ ಬಿಟ್ಟು `scanf(" %c", &op);` ಎಂದರೆ ಸಾಲಿನಲ್ಲಿರುವ ಎಂಟರ್, ಸ್ಪೇಸ್ ಎಲ್ಲ ದಾಟಿ ಚಿಹ್ನೆಯನ್ನು ಓದುತ್ತದೆ. ಅಲ್ಪವಿರಾಮದಷ್ಟು ಚಿಕ್ಕ ಆ ಜಾಗಕ್ಕಾಗಿ ಪರೀಕ್ಷೆಯಲ್ಲಿ ಕಣ್ಣೀರು ಹಾಕಿದವರಿದ್ದಾರೆ.

ಈಗ ಕಂಪ್ಯೂಟರ್

ಟ್ರೇಸ್ ಮುಗಿದ ಮೇಲಷ್ಟೇ ಟೈಪ್ ಮಾಡಿ. ಹಾಳೆಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಟೈಪ್ ಮಾಡಬೇಕು, ಟೈಪ್ ಮಾಡುತ್ತಾ ತಿದ್ದಬಾರದು. ತಿದ್ದಿದರೆ ಪರೀಕ್ಷೆಯ ಹಾಳೆಯಲ್ಲಿ ನೀವು ಏನು ಬಿಡುತ್ತೀರಿ ಎಂಬುದು ನಿಮಗೇ ಗೊತ್ತಾಗುವುದಿಲ್ಲ. ಕಂಪೈಲ್ ಮಾಡುವುದು ಹೀಗೆ:

```
gcc -Wall bubble.c -o bubble
./bubble
```

`-Wall` ಹಾಕುವುದನ್ನು ರೂಢಿಮಾಡಿಕೊಳ್ಳಿ. `if (t = rev)` ಎಂದು ಒಂದೇ ಸಮಚಿಹ್ನೆ ಬರೆದಿದ್ದರೆ, `float` ಬೆಲೆಗೆ `%d` ಹಾಕಿದ್ದರೆ, `scanf`ನಲ್ಲಿ `&` ಬಿಟ್ಟಿದ್ದರೆ ಅದು ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ. ಇವೆಲ್ಲ ಎಚ್ಚರಿಕೆಗಳಷ್ಟೇ, ಪ್ರೋಗ್ರಾಂ ಕಂಪೈಲ್ ಆಗುತ್ತದೆ, ಆದರೆ ಓದದೆ ಮುಂದೆ ಹೋಗಬೇಡಿ. ಗಣಿತದ ಫಂಕ್ಷನ್ ಬಳಸುವ ಪ್ರೋಗ್ರಾಂಗಳಿಗೆ, ಉದಾಹರಣೆಗೆ ವರ್ಗ ಸಮೀಕರಣದ ಮೂಲ ಹುಡುಕುವ `sqrt` ಇದ್ದದ್ದಕ್ಕೆ, ಲಿನಕ್ಸ್‌ನಲ್ಲಿ ಕೊನೆಗೆ `-lm` ಸೇರಿಸಬೇಕು. ಇದನ್ನು ಮರೆತು `undefined reference to sqrt` ಎಂಬ ಸಾಲು ಕಂಡು ಪ್ರೋಗ್ರಾಂನಲ್ಲೇ ತಪ್ಪಿದೆ ಎಂದು ಗಾಬರಿಯಾಗುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ.

ಔಟ್‌ಪುಟ್ ನಿಮ್ಮ ಹಾಳೆಯ ಉತ್ತರಕ್ಕೆ ಹೊಂದಿದರೆ ಸರಿ. ಹೊಂದದಿದ್ದರೆ ಕೋಡ್ ಅಳಿಸಿ ಮತ್ತೆ ಬರೆಯಲು ಹೋಗಬೇಡಿ. ನಿಮ್ಮ ಟೇಬಲ್ ತಪ್ಪಿರಬಹುದು ಅಥವಾ ಟೈಪಿಂಗ್ ತಪ್ಪಿರಬಹುದು, ಯಾವುದೆಂದು ಮೊದಲು ಪತ್ತೆಮಾಡಬೇಕು. ಬಬಲ್ ಸಾರ್ಟ್‌ನ ಒಳಗಿನ ಲೂಪಿಗೆ ಬ್ರಾಕೆಟ್ ಹಾಕಿ, `if` ಸಾಲಿನ ಮೇಲೆ ಇದೊಂದು ಸಾಲು ಸೇರಿಸಿ:

```c
printf("%d %d: %d %d\n", i, j, a[j], a[j + 1]);
```

ಆ ಬ್ರಾಕೆಟ್ ಮುಖ್ಯ. ಅದಿಲ್ಲದೆ ಈ ಸಾಲು ಸೇರಿಸಿದರೆ ಲೂಪಿಗೆ ಸೇರುವುದು `printf` ಒಂದೇ, `if` ಹೊರಗೆ ಬಿದ್ದು ಹೊಸ ತಪ್ಪು ಹುಟ್ಟುತ್ತದೆ. ಸರಿಯಾಗಿ ಸೇರಿಸಿದರೆ ಪರದೆಯ ಮೇಲೆ ಬರುವುದು ನಿಮ್ಮ ಟ್ರೇಸ್ ಟೇಬಲ್ಲೇ. ಹಾಳೆಯನ್ನು ಪಕ್ಕದಲ್ಲಿಟ್ಟು ಮೇಲಿನಿಂದ ಒಂದೊಂದೇ ಸಾಲು ಹೋಲಿಸಿ, ಮೊದಲ ವ್ಯತ್ಯಾಸ ಕಂಡ ಸಾಲಿನಲ್ಲಿ ನಿಲ್ಲಿಸಿ. ತಪ್ಪು ಆ ಸಾಲಿನಲ್ಲಿದೆ ಅಥವಾ ಅದರ ಹಿಂದಿನ ಸಾಲಿನಲ್ಲಿ ಹುಟ್ಟಿದೆ, ಅದರ ಕೆಳಗಿನದೆಲ್ಲ ಅದರ ಪರಿಣಾಮ. ಆ ವಿದ್ಯಾರ್ಥಿನಿ ಪರೀಕ್ಷೆಯಲ್ಲಿ ಕೊನೆಗೆ ಮಾಡಿದ್ದು ಇದನ್ನೇ. ಪರದೆಯ ನಾಲ್ಕನೇ ಸಾಲು `0 3: 5 0` ಎಂದಿತ್ತು. ಸರಿಯಾದ ಟೇಬಲ್‌ನಲ್ಲಿ `j` 3 ಆದ ಸಾಲೇ ಇಲ್ಲ. ಅದನ್ನು ಕಂಡ ಮೇಲೆ `- 1` ಸೇರಿಸಲು ಅವಳಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

ಪರೀಕ್ಷಕರನ್ನು ಕರೆಯುವ ಮುಂಚೆ ಆ `printf` ಸಾಲನ್ನು ತೆಗೆದು, ಮತ್ತೆ ಕಂಪೈಲ್ ಮಾಡಿ, ಒಮ್ಮೆ ರನ್ ಮಾಡಿ ನೋಡಿ. ಕೋಡ್ ತಿದ್ದಿ ಕಂಪೈಲ್ ಮಾಡುವುದನ್ನು ಮರೆತು ಹಳೆಯ ಪ್ರೋಗ್ರಾಂನ್ನೇ ಓಡಿಸಿ ತೋರಿಸಿದವರಿದ್ದಾರೆ. ಹಾಳೆಯಲ್ಲೂ ತಿದ್ದುಪಡಿ ಮಾಡಿ, ತಿದ್ದಿದ ಜಾಗವನ್ನು ಗೀಚದೆ ಒಂದು ಗೆರೆಯಲ್ಲಿ ಹೊಡೆದು ಮೇಲೆ ಬರೆಯಿರಿ.

ವೈವಾಕ್ಕೆ ಬೇರೆ ಓದು ಹೆಚ್ಚೇನೂ ಬೇಡ, ಟ್ರೇಸ್ ಹಾಳೆಗಳನ್ನು ತಿರುವಿಹಾಕಿದರೆ ಸಾಕು. "ಎಷ್ಟು ಹೋಲಿಕೆ ಆಗುತ್ತದೆ?" ಎಂದರೆ ನಿಮ್ಮ ಟೇಬಲ್‌ನಲ್ಲಿ ಮೂರು, ಎರಡು, ಒಂದು ಎಂದು ಆರು ಸಾಲಿವೆ, ಸಾಮಾನ್ಯವಾಗಿ n(n−1)/2. "ಮೊದಲೇ ಕ್ರಮದಲ್ಲಿರುವ ಅರೇ ಕೊಟ್ಟರೆ?" ಎಂದರೆ 1 2 4 5 ಹಾಕಿ ಟೇಬಲ್ ತುಂಬಿ ನೋಡಿದವರಿಗೆ ಗೊತ್ತು: ಸ್ವಾಪ್ ಒಂದೂ ಇಲ್ಲ, ಹೋಲಿಕೆ ಮಾತ್ರ ಅದೇ ಆರು. "ಅದನ್ನು ಕಡಿಮೆ ಮಾಡಬಹುದೇ?" ಎಂದು ಅವರು ಖಂಡಿತ ಮುಂದುವರಿಸುತ್ತಾರೆ. ಒಂದು ಪಾಸ್‌ನಲ್ಲಿ ಸ್ವಾಪ್ ಒಂದೂ ಆಗದಿದ್ದರೆ ಅಲ್ಲಿಗೇ ನಿಲ್ಲಿಸಬಹುದು, ಅದಕ್ಕೆ ಪಾಸ್‌ನ ಶುರುವಿನಲ್ಲಿ ಒಂದು ವೇರಿಯಬಲ್ 0 ಮಾಡಿ, ಸ್ವಾಪ್ ಆದಾಗ 1 ಮಾಡಿ, ಪಾಸ್ ಮುಗಿದಾಗ ಇನ್ನೂ 0 ಇದ್ದರೆ `break`. ಆಗ ಆ ಅರೇಗೆ ಮೂರೇ ಹೋಲಿಕೆ ಸಾಕು.